ಬೆಲೆ ಏರಿತು, ಓಐ ಇಳಿಯಿತು. ಆದರೂ ಅದು ಶಾರ್ಟ್ ಕವರಿಂಗ್ ಆಗಿರಲಿಲ್ಲ

ಓದುಗರ ಪ್ರಶ್ನೆ: ಸರ್, ನಾನು ಶಿರಸಿ ಹತ್ತಿರದವನು. ಅಡಿಕೆ ತೋಟ ಇದೆ, ಎರಡು ವರ್ಷದಿಂದ ಫ್ಯೂಚರ್ಸ್ ಮಾಡ್ತಾ ಇದ್ದೇನೆ. ಈ ಸಲದ ಎಕ್ಸ್‌ಪೈರಿ ಹೊತ್ತಿಗೆ ಒಂದು ಶೇರಿನ ಫ್ಯೂಚರ್ಸ್ ಗುರುವಾರ 812 ಇದ್ದದ್ದು ಸೋಮವಾರ 834 ಆಯಿತು. ಓಪನ್ ಇಂಟರೆಸ್ಟ್ ಮಾತ್ರ 40,000 ಕಾಂಟ್ರ್ಯಾಕ್ಟ್‌ನಿಂದ 15,000ಕ್ಕೆ ಇಳಿಯಿತು. ಬೆಲೆ ಮೇಲೆ, ಓಐ ಕೆಳಗೆ ಅಂದರೆ ಶಾರ್ಟ್ ಕವರಿಂಗ್, ಆ ಏರಿಕೆ ಬಾಳಿಕೆ ಬರಲ್ಲ ಅಂತ ಎಲ್ಲ ಕಡೆ ಓದಿದ್ದೆ. ಹಾಗಾಗಿ ಸೋಮವಾರವೇ ಮುಂದಿನ ತಿಂಗಳ ಒಂದು ಲಾಟ್, ಅಂದರೆ 500 ಶೇರು, 838ಕ್ಕೆ ಮಾರಿದೆ. ಈಗ ಅದು 861. ನನ್ನ ಡಿಮ್ಯಾಟ್‌ನಲ್ಲಿ ಆ ಶೇರು ಒಂದೂ ಇಲ್ಲ. ಓಐ ನೋಡೋದೇ ತಪ್ಪಾ, ಇಲ್ಲ ನಾನು ನೋಡಿದ ರೀತಿ ತಪ್ಪಾ? ಇದನ್ನು ಇಟ್ಕೊಳ್ಳಲಾ, ಬಿಡಲಾ?

ಉತ್ತರ: ನೀವು ನೋಡಿದ ರೀತಿ ತಪ್ಪು. ಬೇಜಾರು ಮಾಡ್ಕೊಬೇಡಿ, ಕಾರವಾರದಲ್ಲಿ ಬ್ರೋಕರ್ ಶಾಖೆಯೊಂದರಲ್ಲಿ ವರ್ಷಗಟ್ಟಲೆ ಕೂತ ನಾನೂ ಇದೇ ತಪ್ಪು ಮಾಡಿದ್ದೇನೆ. ನೀವು ಶೇರಿನ ಹೆಸರನ್ನೂ ಬರೆದಿದ್ದರಿಂದ ಆ ಎರಡು ದಿನಗಳ ಲೆಕ್ಕ ತೆಗೆದು ನೋಡಿದೆ. ಹೆಸರು ಇಲ್ಲಿ ಬೇಡ. ಆ ಲೆಕ್ಕಕ್ಕೆ ಹೋಗುವ ಮೊದಲು ಓಐ ಅಂದರೆ ಏನು ಅನ್ನೋದು ಗಟ್ಟಿಯಾಗಲಿ. ಯಾಕೆಂದರೆ ಬೆಲೆ ಮೇಲೆ-ಕೆಳಗೆ, ಓಐ ಮೇಲೆ-ಕೆಳಗೆ ಅಂತ ನೀವು ಓದಿದ ಆ ನಾಲ್ಕು ಮನೆಯ ಪಟ್ಟಿಯನ್ನು ಬಾಯಿಪಾಠ ಮಾಡಿದವರು ಬಹಳ ಜನ. ಅದು ಎಲ್ಲಿಂದ ಬಂತು ಅಂತ ನೋಡಿದವರು ಕಡಿಮೆ.

ನಿಮಗೆ ಗೊತ್ತಿರುವ ಅಡಿಕೆಯನ್ನೇ ತೆಗೆದುಕೊಳ್ಳೋಣ. ಶಿರಸಿ ಪೇಟೆಯಲ್ಲಿ ಚೀಟಿ ಬರೆದು ಮುಂಗಡ ವ್ಯಾಪಾರ ನಡೆಯುತ್ತದೆ ಅಂತ ಸುಮ್ನೆ ಅಂದುಕೊಳ್ಳಿ. ಹೋಳಿ ಹುಣ್ಣಿಮೆ ಹೊತ್ತಿಗೆ 10 ಕ್ವಿಂಟಲ್ ಚಾಲಿಯನ್ನು ಕ್ವಿಂಟಲ್‌ಗೆ 40,000 ರೂಪಾಯಿಯಂತೆ ಕೊಡುತ್ತೇನೆ ಅಂತ ಸುಬ್ರಾಯ ಬರೆದ. ಗಣಪತಿ ಒಪ್ಪಿಕೊಂಡ. ಚೀಟಿ ಒಂದು, ಅದರ ಆ ತುದಿಗೆ ಕೊಳ್ಳುವವ ಒಬ್ಬ, ಈ ತುದಿಗೆ ಮಾರುವವ ಒಬ್ಬ. ಇನ್ನೂ ಹರಿಯದೆ ಇರುವ ಇಂಥ ಚೀಟಿಗಳ ಸಂಖ್ಯೆಯೇ ಓಪನ್ ಇಂಟರೆಸ್ಟ್. ಇಲ್ಲಿ ಅದು 1.

ಇಷ್ಟು ಹೇಳಿದ ಮೇಲೆ ಒಂದು ದೊಡ್ಡ ತಪ್ಪು ಕಲ್ಪನೆ ತಾನಾಗೇ ಬಿದ್ದು ಹೋಗುತ್ತದೆ. ‘ಓಐ ಜಾಸ್ತಿಯಾಯಿತು, ಅಂದರೆ ಕೊಳ್ಳುವವರು ಜಾಸ್ತಿಯಾದರು’ ಅನ್ನುತ್ತಾರಲ್ಲ, ಅದು ಆಗುವ ಮಾತೇ ಅಲ್ಲ. ಒಂದು ಚೀಟಿ ಹೆಚ್ಚಾದರೆ ಕೊಳ್ಳುವ ಕಡೆ ಒಂದು ಹೆಚ್ಚು, ಮಾರುವ ಕಡೆಯೂ ಒಂದು ಹೆಚ್ಚು. ಎರಡೂ ಕಡೆ ಯಾವಾಗಲೂ ಸರಿಸಮ.

ಈಗ ಪೇಟೆಗೆ ಮಂಜುನಾಥ ಬಂದ. ಅವನಿಗೂ 10 ಕ್ವಿಂಟಲ್ ಬೇಕು. 40,000ಕ್ಕೆ ಯಾರೂ ಸಿಗಲಿಲ್ಲ, 40,500 ಕೊಡುತ್ತೇನೆ ಅಂದ. ಇಲ್ಲಿಂದ ಮುಂದೆ ಮೂರು ದಾರಿ ಇದೆ, ಸ್ವಲ್ಪ ನಿಧಾನಕ್ಕೆ ನೋಡಿ.

ಒಂದು, ರಾಘು ಅನ್ನುವ ಹೊಸಬ ಆ ಬೆಲೆಗೆ ಕೊಡಲು ಒಪ್ಪಿ ಹೊಸ ಚೀಟಿ ಬರೆದ. ಚೀಟಿ ಎರಡಾಯಿತು. ಬೆಲೆಯೂ ಏರಿತು, ಓಐಯೂ ಏರಿತು. ಇದಕ್ಕೆ ಲಾಂಗ್ ಬಿಲ್ಡ್‌ಅಪ್ ಅನ್ನುತ್ತಾರೆ. ರಾಘು ಮಾರಿದ್ದೂ ಅಷ್ಟೇ ನಿಜ, ಆದರೆ ಅವಸರ ಇದ್ದದ್ದು ಮಂಜುನಾಥನಿಗೆ. ಬೆಲೆ ಮೇಲೆ ಹೋದದ್ದು ಅವನಿಂದ. ಹೆಸರು ಅವನ ಪಾಲಿಗೆ ಬಂತು.

ಎರಡು, ಗಣಪತಿಯೇ ‘ನನ್ನ ಚೀಟಿ ತಗೋ’ ಅಂತ ಮಂಜುನಾಥನಿಗೆ ಕೊಟ್ಟು, ಕ್ವಿಂಟಲ್‌ಗೆ 500 ಲಾಭ ಕಿಸೆಗೆ ಹಾಕಿ ಮನೆಗೆ ಹೋದ. ಬೆಲೆ ಏರಿತು, ಚೀಟಿ ಮಾತ್ರ ಒಂದೇ ಉಳಿಯಿತು. ಕೈ ಬದಲಾಯಿತು ಅಷ್ಟೇ. ದಿನದ ವ್ಯವಹಾರದ ಬಹುಪಾಲು ಹೀಗೇ ಇರುತ್ತದೆ, ಆದರೆ ನಾಲ್ಕು ಮನೆಯ ಪಟ್ಟಿಯಲ್ಲಿ ಇದಕ್ಕೆ ಜಾಗವೇ ಇಲ್ಲ. ಓಐ ಶೇಕಡಾ ಅರ್ಧ, ಒಂದು ಅಲ್ಲಾಡಿದರೆ ಅದಕ್ಕೂ ಒಂದು ಹೆಸರು ಅಂಟಿಸುವವರನ್ನು ಕಂಡರೆ ನನಗೆ ನಗು ಬರುತ್ತದೆ.

ಮೂರು, ಮಂಜುನಾಥನನ್ನು ಬಿಡಿ. ಮಳೆ ಜೋರಾಗಿ ತೋಟಕ್ಕೆ ಕೊಳೆ ಬಿತ್ತು ಅಂತ ಸುದ್ದಿ ಬಂತು. ಸುಬ್ರಾಯ ಹೆದರಿದ. ಹೋಳಿ ಹೊತ್ತಿಗೆ ಬೆಲೆ ಎಲ್ಲಿಗೆ ಹೋಗುತ್ತದೋ ಏನೋ ಅಂತ ಗಣಪತಿ ಹತ್ತಿರ ಬಂದು, ‘ಕ್ವಿಂಟಲ್‌ಗೆ 500 ಕೊಡ್ತೇನೆ ಮಾರಾಯಾ, ನನ್ನ ಬಿಟ್ಬಿಡು’ ಅಂದ. ಇಬ್ಬರೂ ಸೇರಿ ಚೀಟಿ ಹರಿದರು. ಬೆಲೆ 40,500 ಆಯಿತು, ಓಐ ಸೊನ್ನೆಯಾಯಿತು. ಇದು ಶಾರ್ಟ್ ಕವರಿಂಗ್. ಇಲ್ಲಿ ಹೊಸದಾಗಿ ಯಾರೂ ಬಂದಿಲ್ಲ. ಮಾರಿದವನು ಓಡಿ ಹೋಗುವ ಅವಸರದಲ್ಲಿ ಬೆಲೆ ಏರಿಸಿದ.

ಬೆಲೆ ಇಳಿಯುವಾಗ ಇದೇ ಕಥೆ ತಿರುಗಾಮುರುಗಾ. ಹೊಸ ಚೀಟಿ ಬರೆಯಲು ಮಾರುವವನೇ ಬೆಲೆ ತಗ್ಗಿಸಿದರೆ ಶಾರ್ಟ್ ಬಿಲ್ಡ್‌ಅಪ್, ಬೆಲೆ ಕೆಳಗೆ ಓಐ ಮೇಲೆ. ಕೊಂಡವನು ಸೋತು ಚೀಟಿ ಹರಿಯಲು ಬಂದರೆ ಲಾಂಗ್ ಅನ್‌ವೈಂಡಿಂಗ್, ಎರಡೂ ಕೆಳಗೆ. ಚೀಟಿ ಹುಟ್ಟಿತೋ ಹರಿಯಿತೋ ಅನ್ನೋದನ್ನು ಓಐ ಹೇಳುತ್ತದೆ. ಅವಸರ ಯಾರಿಗಿತ್ತು ಅನ್ನೋದನ್ನು ಬೆಲೆಯಿಂದ ಊಹಿಸಬೇಕು. ಅದು ಊಹೆ, ನೆನಪಿರಲಿ.

ಈಗ ನಿಮ್ಮ ಲೆಕ್ಕ.

ಎನ್‌ಎಸ್‌ಇಯಲ್ಲಿ ಒಂದು ಶೇರಿಗೆ ಒಂದೇ ಹೊತ್ತಿಗೆ ಮೂರು ತಿಂಗಳ ಫ್ಯೂಚರ್ಸ್ ನಡೆಯುತ್ತವೆ. ಈ ತಿಂಗಳದ್ದು, ಮುಂದಿನದ್ದು, ಅದರಾಚೆಯದ್ದು. ತಿಂಗಳ ಕೊನೆಯ ಮಂಗಳವಾರ ಎಕ್ಸ್‌ಪೈರಿ (2025ರ ಸೆಪ್ಟೆಂಬರ್‌ಗೆ ಮೊದಲು ಅದು ಗುರುವಾರ ಇತ್ತು). ನೀವು ಓಐ ನೋಡಿದ್ದು ಗುರುವಾರದಿಂದ ಸೋಮವಾರದವರೆಗೆ, ಅಂದರೆ ಸರಿಯಾಗಿ ಎಕ್ಸ್‌ಪೈರಿಯ ಹಿಂದಿನ ದಿನಗಳಲ್ಲಿ. ಅದೂ ಈ ತಿಂಗಳ ಸಾಲನ್ನು ಮಾತ್ರ.

ಆ ದಿನಗಳಲ್ಲಿ ಈ ತಿಂಗಳ ಓಐ ಇಳಿಯದೆ ಬೇರೆ ದಾರಿಯೇ ಇಲ್ಲ. ಶೇರುಗಳ ಫ್ಯೂಚರ್ಸ್ ಅನ್ನು ಕೊನೆಯವರೆಗೆ ಇಟ್ಟುಕೊಂಡರೆ ಮಾರಿದವನು ನಿಜವಾದ ಶೇರು ಕೊಡಬೇಕು, ಕೊಂಡವನು ಪೂರ್ತಿ ದುಡ್ಡು ಕಟ್ಟಿ ತಗೋಬೇಕು. ಬಹಳಷ್ಟು ಜನರಿಗೆ ಅದು ಬೇಡ. ಈ ತಿಂಗಳ ಚೀಟಿ ಹರಿದು ಮುಂದಿನ ತಿಂಗಳ ಚೀಟಿ ಬರೆಸಿಕೊಳ್ಳುತ್ತಾರೆ. ಇದೇ ರೋಲ್‌ಓವರ್. ಅಭಿಪ್ರಾಯ ಬದಲಾಗಿಲ್ಲ, ತಾರೀಕು ಮಾತ್ರ ಬದಲಾಗಿದೆ. ಈ ತಿಂಗಳ ಸಾಲನ್ನಷ್ಟೇ ನೋಡಿದವನಿಗೆ ಎಲ್ಲರೂ ಎದ್ದು ಹೋದ ಹಾಗೆ ಕಾಣುತ್ತದೆ. ನಿಜಕ್ಕೆ ಅವರು ಪಕ್ಕದ ಕೋಣೆಯಲ್ಲಿ ಕೂತಿರುತ್ತಾರೆ.

ನಿಮ್ಮ ಶೇರಿನಲ್ಲಿ ಗುರುವಾರ ಈ ತಿಂಗಳ ಓಐ 40,000, ಮುಂದಿನ ತಿಂಗಳದ್ದು 6,000. ಒಟ್ಟು 46,000. ಸೋಮವಾರ ಈ ತಿಂಗಳದ್ದು 15,000, ಮುಂದಿನದ್ದು 35,000. ಒಟ್ಟು 50,000. ಮೂರನೇ ತಿಂಗಳಲ್ಲಿ ಕೆಲವು ನೂರು ಮಾತ್ರ, ಅದನ್ನು ಬಿಟ್ಟೆ. ಒಂದು ಕಡೆ 25,000 ಕಡಿಮೆ, ಇನ್ನೊಂದು ಕಡೆ 29,000 ಜಾಸ್ತಿ. ಕೂಡಿ ಕಳೆದರೆ 4,000 ಕಾಂಟ್ರ್ಯಾಕ್ಟ್ ಹೊಸದಾಗಿ ಹುಟ್ಟಿದೆ, ಶೇ 8ಕ್ಕಿಂತ ಜಾಸ್ತಿ. ಬೆಲೆಯೂ ಮೇಲೆ, ಓಐಯೂ ಮೇಲೆ. ನೀವು ಶಾರ್ಟ್ ಕವರಿಂಗ್ ಅಂತ ಓದಿದ್ದು ಪಟ್ಟಿಯ ಪ್ರಕಾರವೇ ನೋಡಿದರೂ ಲಾಂಗ್ ಬಿಲ್ಡ್‌ಅಪ್ ಆಗಿತ್ತು. ಪೂರ್ತಿ ಉಲ್ಟಾ.

ಇದನ್ನು ನೀವೇ ನೋಡುವುದು ಕಷ್ಟವಲ್ಲ. ಎನ್‌ಎಸ್‌ಇ ದಿನಾ ಸಂಜೆ ಫ್ಯೂಚರ್ಸ್-ಆಪ್ಷನ್ಸ್ ವಿಭಾಗದ ಭಾವ್‌ಕಾಪಿ ಅಂತ ಒಂದು ಫೈಲ್ ಹಾಕುತ್ತದೆ, ಪುಕ್ಕಟೆ. ಅದನ್ನು ಎಕ್ಸೆಲ್‌ನಲ್ಲಿ ತೆರೆದು `FinInstrmTp` ಕಾಲಮ್‌ನಲ್ಲಿ `STF` ಆರಿಸಿ, `TckrSymb`ನಲ್ಲಿ ನಿಮ್ಮ ಶೇರು ಆರಿಸಿ. `XpryDt` ಬೇರೆಬೇರೆ ಇರುವ ಮೂರು ಸಾಲು ಉಳಿಯುತ್ತವೆ. ಆ ಮೂರರ `OpnIntrst` ಕೂಡಿಸಿ. ಅಲ್ಲಿ ಸಂಖ್ಯೆ ಶೇರಿನ ಲೆಕ್ಕದಲ್ಲಿ ಇರುತ್ತದೆ, ಲಾಟ್ ಸೈಜಿನಿಂದ ಭಾಗಿಸಿದರೆ ಕಾಂಟ್ರ್ಯಾಕ್ಟ್ ಸಿಗುತ್ತದೆ. ಪಕ್ಕದಲ್ಲೇ `UndrlygPric` ಅಂತ ಶೇರಿನ ನಗದು ಬೆಲೆಯೂ ಇದೆ. ಅದು ಯಾಕೆ ಬೇಕು ಅಂತ ಈಗ ಹೇಳುತ್ತೇನೆ.

‘ಹಾಗಾದರೆ ನಾನು ಕೊಳ್ಳಬೇಕಿತ್ತಾ?’ ಅಂತ ನೀವು ಕೇಳುತ್ತೀರಿ. ಅಲ್ಲೂ ಒಂದು ಗುಂಡಿ ಇದೆ. ನಾನು ಬಿದ್ದದ್ದು ಅದರಲ್ಲಿ.

ತುಂಬ ವರ್ಷದ ಹಿಂದಿನ ಮಾತು. ಜೂನ್, ಜುಲೈಯಲ್ಲಿ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುತ್ತದಲ್ಲ, ಆಗ ಬೈತಖೋಲ್ ಬಂದರಿನ ಬೋಟ್ ಮಾಲೀಕರೊಬ್ಬರು ನಮ್ಮ ಶಾಖೆಗೆ ದಿನಾ ಬಂದು ಕೂರುತ್ತಿದ್ದರು. ಒಂದು ಶೇರಿನ ಬೆಲೆಯೂ ಓಐಯೂ ನಾಲ್ಕು ದಿನದಿಂದ ಒಟ್ಟಿಗೆ ಏರುತ್ತಿತ್ತು. ‘ಲಾಂಗ್ ಬಿಲ್ಡ್‌ಅಪ್, ತಗೊಳ್ಳಿ’ ಅಂದೆ. ತಗೊಂಡರು. ಶೇರಿನ ನಗದು ಬೆಲೆ ಸುಮಾರು 400, ಅವರು ಕೊಂಡ ಫ್ಯೂಚರ್ಸ್ 409. ಎಕ್ಸ್‌ಪೈರಿಗೆ ಇಪ್ಪತ್ತು ದಿನ ಬಾಕಿ. ನಾನು ಆ 9 ರೂಪಾಯಿ ಅಂತರವನ್ನು ನೋಡಲೇ ಇಲ್ಲ.

ಇಪ್ಪತ್ತು ದಿನಕ್ಕೆ 400 ರೂಪಾಯಿಯ ಬಡ್ಡಿ ಎಷ್ಟಾದೀತು? ಒಂದೂವರೆ, ಎರಡು ರೂಪಾಯಿ. ಫ್ಯೂಚರ್ಸ್ 9 ರೂಪಾಯಿ ಮೇಲಿದ್ದರೆ ದುಡ್ಡಿರುವವರು ಏನು ಮಾಡುತ್ತಾರೆ ಗೊತ್ತಾ? ಶೇರನ್ನು 400ಕ್ಕೆ ಕೊಂಡು, ಅದೇ ನಿಮಿಷಕ್ಕೆ ಫ್ಯೂಚರ್ಸ್ ಅನ್ನು 409ಕ್ಕೆ ಮಾರುತ್ತಾರೆ. ಎಕ್ಸ್‌ಪೈರಿಗೆ ಎರಡೂ ಬೆಲೆ ಒಂದಾಗಲೇಬೇಕು, ನಡುವಿನ 9 ರೂಪಾಯಿ ಅವರ ಕಿಸೆಗೆ. ಶೇರು ಏರಲಿ ಇಳಿಯಲಿ, ಅವರಿಗೆ ಚಿಂತೆ ಇಲ್ಲ. ಇದೇ ಆರ್ಬಿಟ್ರೇಜ್. ಅವರು ಶೇರು ಕೊಳ್ಳುವುದರಿಂದ ನಗದು ಬೆಲೆಗೆ ಬಲ ಬರುತ್ತದೆ, ಫ್ಯೂಚರ್ಸ್ ಮಾರುವುದರಿಂದ ಹೊಸ ಕಾಂಟ್ರ್ಯಾಕ್ಟ್ ಹುಟ್ಟಿ ಓಐ ಏರುತ್ತದೆ. ಪರದೆಯ ಮೇಲೆ ನೋಡಿದರೆ ಚೆಂದದ ಲಾಂಗ್ ಬಿಲ್ಡ್‌ಅಪ್. ಆದರೆ ಹೊಸ ಓಐಯ ಒಂದು ತುದಿಯಲ್ಲಿ ಬರೀ ಬಡ್ಡಿ ಲೆಕ್ಕ ಹಾಕಿದವರು, ಇನ್ನೊಂದು ತುದಿಯಲ್ಲಿ ನಮ್ಮಂಥ ಅವಸರದವರು.

ಹತ್ತು ದಿನದಲ್ಲಿ ಅಂತರ ಕರಗಿತು. ಶೇರು 400ರಲ್ಲೇ ನಿಂತಿತ್ತು, ಫ್ಯೂಚರ್ಸ್ 401ಕ್ಕೆ ಬಂತು. ಶೇರು ಒಂದು ರೂಪಾಯಿ ಇಳಿಯದೆ ಅವರಿಗೆ 8 ರೂಪಾಯಿ ನಷ್ಟ. ಅವರು ಬೈಯಲಿಲ್ಲ. ‘ಬಲೆ ಭಾರ ಆಯ್ತು ಅಂದ್ರೆ ಮೀನೇ ಬಿದ್ದಿದೆ ಅಂತ ಅಲ್ಲ ಮಾರಾಯ್ರೆ, ಕಸವೂ ಇರ್ತದೆ, ಜೆಲ್ಲಿ ಮೀನೂ ಇರ್ತದೆ’ ಅಂದರು. ಆ ದಿನದಿಂದ ಓಐ ಜೊತೆ ಅಂತರವನ್ನೂ ನೋಡುವುದು ನನಗೆ ಅಭ್ಯಾಸವಾಯಿತು. ಮಾರುಕಟ್ಟೆಯವರು ಇದನ್ನು ಪ್ರೀಮಿಯಂ ಅನ್ನುತ್ತಾರೆ. ಫ್ಯೂಚರ್ಸ್ ನಗದಿಗಿಂತ ಕೆಳಗಿದ್ದರೆ ಡಿಸ್ಕೌಂಟ್.

ನಿಮ್ಮ ಶೇರಿನಲ್ಲಿ ಅದು ಹೇಗಿತ್ತು? ಗುರುವಾರ ನಗದು 811, ಮುಂದಿನ ತಿಂಗಳ ಫ್ಯೂಚರ್ಸ್ 816. ಸೋಮವಾರ ನಗದು 833, ಫ್ಯೂಚರ್ಸ್ 838. ಎರಡು ದಿನವೂ ಪ್ರೀಮಿಯಂ 5 ರೂಪಾಯಿ. ವರ್ಷಕ್ಕೆ ಶೇ 6-7ರ ಬಡ್ಡಿ ಹಿಡಿದರೆ ಒಂದು ತಿಂಗಳಿಗೆ ಬರುವುದೂ ಹೆಚ್ಚುಕಮ್ಮಿ ಅಷ್ಟೇ. ಅಂದರೆ ಫ್ಯೂಚರ್ಸ್ ಕೊಂಡವರು ಮೈಮೇಲೆ ಬಿದ್ದು ಕೊಂಡಿಲ್ಲ. ಮಾರಿದವರೂ ಬೆಲೆ ತಗ್ಗಿಸಿ ಮಾರಿಲ್ಲ. ಪ್ರೀಮಿಯಂ 5ರಿಂದ 9ಕ್ಕೆ ಹೋಗಿದ್ದರೆ ಕೊಳ್ಳುವವರ ಅವಸರ ಅನ್ನಬಹುದಿತ್ತು. ಬೆಲೆ ಏರುತ್ತಾ, ಓಐ ಏರುತ್ತಾ, ಪ್ರೀಮಿಯಂ ಕರಗಿ ಡಿಸ್ಕೌಂಟ್‌ಗೆ ಇಳಿದಿದ್ದರೆ ಏರಿಕೆಯ ಮೇಲೆ ಯಾರೋ ಗಟ್ಟಿಯಾಗಿ ಶಾರ್ಟ್ ಮಾಡುತ್ತಿದ್ದಾರೆ ಅಂತ ಅನುಮಾನ ಬರಬೇಕಿತ್ತು. ಎರಡೂ ಆಗಿಲ್ಲ. ನನ್ನನ್ನು ಸೋಮವಾರ ಕೇಳಿದ್ದರೆ ‘ಹೊಸ ಪೊಸಿಷನ್ ಸ್ವಲ್ಪ ಬಂದಿದೆ, ಮಾರಲು ಇದರಲ್ಲಿ ಕಾರಣ ಇಲ್ಲ, ಕೊಳ್ಳಲೂ ಇದೊಂದೇ ಸಾಲದು’ ಅನ್ನುತ್ತಿದ್ದೆ. ಸಪ್ಪೆ ಉತ್ತರ, ಗೊತ್ತು.

ಇನ್ನೊಂದು ಮಾತು ನಿಮ್ಮ ಪ್ರಶ್ನೆಯೊಳಗೇ ಅಡಗಿದೆ. ಅದು ನಿಜವಾಗಿ ಶಾರ್ಟ್ ಕವರಿಂಗೇ ಆಗಿದ್ದರೂ ಆ ಕಾರಣಕ್ಕೆ ಮಾರಬಾರದಿತ್ತು. ಕವರಿಂಗ್ ಏರಿಕೆಗೆ ಬಾಳಿಕೆ ಕಡಿಮೆ ಅನ್ನುವುದರ ಹಿಂದೆ ಒಂದು ಸರಿಯಾದ ಯೋಚನೆ ಇದೆ. ಹರಿಯಲು ಉಳಿದ ಚೀಟಿಗಳಿಗೆ ಒಂದು ಮಿತಿ ಇದೆ, ಓಡುವವರೆಲ್ಲ ಓಡಿದ ಮೇಲೆ ಬೆಲೆ ಏರಿಸುವವರು ಯಾರೂ ಇರುವುದಿಲ್ಲ. ಆದರೆ ಎಷ್ಟು ಜನ ಓಡಿದರು, ಇನ್ನೆಷ್ಟು ಜನ ಬಾಕಿ ಅನ್ನೋದು ನಮಗೆ ಕಾಣುವುದಿಲ್ಲ. ಕವರಿಂಗ್ ನಡುವೆ ಶಾರ್ಟ್ ಮಾಡುವುದು ಅಂದರೆ ಓಡುವ ಜನರ ಎದುರಿಗೆ ನಡೆದ ಹಾಗೆ. ಅದು ಮುಗಿದ ಮೇಲೆ ಹೊಸ ಕೊಳ್ಳುವವರು ಬಂದು ಓಐ ಮತ್ತೆ ಏರುವುದನ್ನೂ ನೋಡಿದ್ದೇನೆ. ಆಗ ಏರಿಕೆ ಮುಂದುವರಿಯುತ್ತದೆ. ನನ್ನ ಕಣ್ಣಿಗೆ ಆ ಮನೆ ‘ಕೊಳ್ಳಲು ಅವಸರ ಬೇಡ’ ಅನ್ನುತ್ತದೆಯೇ ಹೊರತು ‘ಮಾರು’ ಅನ್ನುವುದಿಲ್ಲ.

ಓಐ ಇಳಿದದ್ದಕ್ಕೆ ಅರ್ಥವೇ ಇಲ್ಲದ ಇನ್ನೊಂದು ಸಂದರ್ಭವನ್ನೂ ಹೇಳಿಬಿಡುತ್ತೇನೆ, ಯಾಕೆಂದರೆ ಸಣ್ಣ ಶೇರುಗಳಲ್ಲಿ ಪದೇಪದೇ ಬರುತ್ತದೆ. ಒಂದು ಶೇರಿನ ಒಟ್ಟು ಪೊಸಿಷನ್ ಮಾರುಕಟ್ಟೆಗೆ ಹಾಕಿದ ಮಿತಿಯ ಶೇ 95 ದಾಟಿದರೆ ಅದು ಬ್ಯಾನ್ ಪಟ್ಟಿಗೆ ಹೋಗುತ್ತದೆ. ಶೇ 80ಕ್ಕೆ ಇಳಿಯುವ ತನಕ ಯಾರೂ ಪೊಸಿಷನ್ ಹೆಚ್ಚಿಸುವ ಹಾಗಿಲ್ಲ, ಇರುವುದನ್ನು ಕಡಿಮೆ ಮಾಡಬಹುದಷ್ಟೇ. ಅಲ್ಲಿ ಓಐ ಇಳಿಯುವುದು ನಿಯಮದ ಕೆಲಸ. ಅದಕ್ಕೆ ಕವರಿಂಗ್, ಅನ್‌ವೈಂಡಿಂಗ್ ಅಂತ ಹೆಸರಿಡುವುದು ಸುಮ್ನೆ ಕಾಲಹರಣ.

ಇನ್ನು ನಿಮ್ಮ ಕೈಯಲ್ಲಿರುವ ಶಾರ್ಟ್. 838ಕ್ಕೆ ಮಾರಿದ್ದು 861ಕ್ಕೆ ಹೋಗಿದೆ, 23 ರೂಪಾಯಿಯಂತೆ 500 ಶೇರಿಗೆ 11,500 ರೂಪಾಯಿ ನಷ್ಟ. ಇದು ಕಾಗದದ ಮೇಲಿನ ನಷ್ಟ ಅಲ್ಲ, ದಿನಾ ಸಂಜೆ ಎಂಟಿಎಂ ಲೆಕ್ಕದಲ್ಲಿ ನಿಮ್ಮ ಖಾತೆಯಿಂದ ಹೋಗಿಯಾಗಿದೆ.

ನನ್ನ ಮಟ್ಟಿಗೆ ಹೇಳುವುದಾದರೆ ನಾನು ಇದನ್ನು ಮುಚ್ಚುತ್ತೇನೆ. ನೀವು ಮಾರಿದ್ದಕ್ಕೆ ಒಂದೇ ಕಾರಣ ಇತ್ತು, ಅದು ತಪ್ಪು ಅಂತ ಮೇಲಿನ ಲೆಕ್ಕದಲ್ಲಿ ಗೊತ್ತಾಯಿತು. ಈಗ ಬೇರೆ ಕಾರಣ ಹುಡುಕಿ ಅದೇ ಪೊಸಿಷನ್ ಇಟ್ಟುಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ. ಇದರಲ್ಲೂ ಅಪಾಯ ಇದೆ. ನಾಳೆಯೇ ಬೆಲೆ 840ಕ್ಕೆ ಬರಬಹುದು, ಆಗ ಹೊಟ್ಟೆ ಉರಿಯುತ್ತದೆ.

ಬೇರೆ ಗಟ್ಟಿ ಕಾರಣ ನಿಮಗಿದ್ದರೆ, ಉದಾಹರಣೆಗೆ ಕಂಪನಿಯ ಫಲಿತಾಂಶದ ಬಗ್ಗೆ ನಿಮ್ಮದೇ ಅಂದಾಜು ಇದ್ದರೆ, ಇಟ್ಟುಕೊಂಡು ಅದೇ ತಿಂಗಳ ಒಂದು ಕಾಲ್ ಆಪ್ಷನ್ ಕೊಂಡು ಮೇಲಿನ ನಷ್ಟಕ್ಕೆ ಬೇಲಿ ಹಾಕಬಹುದು. 870ರ ಕಾಲ್ 12 ರೂಪಾಯಿಗೆ ಸಿಕ್ಕಿತು ಅಂದುಕೊಳ್ಳಿ. ಅದಕ್ಕೆ 6,000 ಖರ್ಚು. ಬೆಲೆ 870 ದಾಟಿ ಎಲ್ಲಿಗೇ ಹೋದರೂ ಎಕ್ಸ್‌ಪೈರಿಗೆ ಶಾರ್ಟ್‌ನ ನಷ್ಟ 32 ರೂಪಾಯಿಗೆ, ಅಂದರೆ 16,000ಕ್ಕೆ ನಿಲ್ಲುತ್ತದೆ. ಕಾಲ್‌ನ ಖರ್ಚು ಸೇರಿ 22,000. ಈಗಿನ 11,500ಕ್ಕೆ ಇದು ಹೆಚ್ಚುಕಡಿಮೆ ದುಪ್ಪಟ್ಟು. ಬೆಲೆ ಇಳಿದರೂ ಆ 6,000 ಹೋದ ಹಾಗೆಯೇ. ಬೇಲಿಗೆ ಇಷ್ಟು ಕೊಡುವಷ್ಟು ನಿಮ್ಮ ಅಂದಾಜು ಗಟ್ಟಿ ಇದೆಯಾ ಅಂತ ನೀವೇ ನೋಡಿ.

ಏನೂ ಮಾಡದೆ ಇಟ್ಟುಕೊಳ್ಳುವುದು ಮೂರನೇ ದಾರಿ. ಪ್ರತಿ ರೂಪಾಯಿ ಏರಿಕೆಗೆ 500 ಹೋಗುತ್ತದೆ, ಮಾರ್ಜಿನ್ ಸಾಲದೆ ಹೋದರೆ ಬ್ರೋಕರೇ ಯಾವ ಬೆಲೆಗಾದರೂ ಮುಚ್ಚಿಬಿಡುತ್ತಾರೆ. ಅದಕ್ಕಿಂತ ಮುಖ್ಯ, ಈ ಕಾಂಟ್ರ್ಯಾಕ್ಟ್ ಎಕ್ಸ್‌ಪೈರಿ ದಿನವೂ ತೆರೆದಿದ್ದರೆ ನೀವು 500 ಶೇರು ಕೊಡಲೇಬೇಕು. ನಿಮ್ಮ ಡಿಮ್ಯಾಟ್‌ನಲ್ಲಿ ಆ ಶೇರು ಒಂದೂ ಇಲ್ಲ ಅಂತ ಪತ್ರದಲ್ಲೇ ಬರೆದಿದ್ದೀರಿ. ಕೊಡಲಾಗದಿದ್ದರೆ ಹರಾಜಿನಲ್ಲಿ ನಿಮ್ಮ ಪರವಾಗಿ ಕೊಳ್ಳುತ್ತಾರೆ, ಅಲ್ಲಿ ಬೆಲೆ ನಿಮ್ಮ ಕೈಯಲ್ಲಿ ಇರುವುದಿಲ್ಲ. ಹಾಗಾಗಿ ಇಟ್ಟುಕೊಂಡರೂ ಕೊನೆಯ ಮಂಗಳವಾರದವರೆಗೆ ಎಳೆಯಬೇಡಿ, ಅದರ ಹಿಂದಿನ ವಾರವೇ ವಾಪಸ್ ಕೊಂಡು ಮುಗಿಸಿ.